ಯೂರಿನ್ ಅಲ್ಬುಮಿನ್ ‘ನಿಲ್’, ಕಣ್ಣು 6/6. ಆದರೂ ಕಣ್ಣು, ಕಿಡ್ನಿ ಟೆಸ್ಟ್ ಮಾಡಿಸಿ ಅಂತಾರೆ. ಅಮ್ಮನಿಗೆ ನಿಜವಾಗ್ಲೂ ಬೇಕಾ?

ತೆಂಗಿನತೋಟ
ಅಮ್ಮನಿಗೆ 58 ವರ್ಷ, ತಿಪಟೂರಿನ ಹತ್ತಿರ ಊರು. ಶುಗರ್ ಬಂದು 9 ವರ್ಷ ಆಯ್ತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೊಳ್ತಾರೆ. ಇಷ್ಟು ದಿನ ನೋಡುತ್ತಿದ್ದ ಡಾಕ್ಟರಿಗೆ ವಯಸ್ಸಾಗಿ ಕ್ಲಿನಿಕ್ ಮುಚ್ಚಿದರು. ಹೊಸಬರ ಹತ್ತಿರ ಹೋದರೆ ಫೈಲು ತಿರುವಿ ಹಾಕಿ, ‘ಎಸಿಆರ್ ಅನ್ನೋ ಮೂತ್ರದ ಟೆಸ್ಟ್ ಒಂದ್ಸಲನೂ ಮಾಡಿಸಿಲ್ಲ, ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡಿಸಿಲ್ಲ’ ಅಂತ ಬರೆದುಕೊಟ್ಟರು.

ನನ್ನ ಹತ್ತಿರ ಇರುವ ರಿಪೋರ್ಟ್: ಶುಗರಿನ ಮೂರು ತಿಂಗಳ ಆವರೇಜ್ 8.4. ಕ್ರಿಯಾಟಿನಿನ್ 1.2, ಪಕ್ಕದಲ್ಲಿ ರೇಂಜ್ 0.6 ರಿಂದ 1.3 ಅಂತ ಇದೆ, ಅಂದ್ರೆ ನಾರ್ಮಲ್. ಯೂರಿನ್‌ನಲ್ಲಿ ಅಲ್ಬುಮಿನ್ ನಿಲ್. ಹೋದ ತಿಂಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ತೋರಿಸಿದ್ವಿ, ದೂರದ್ದು 6/6, ಓದೋಕೆ ಮಾತ್ರ ಪವರ್ ಬದಲಾಗಿದೆ ಅಂದರು. ಅಮ್ಮನಿಗೆ ಕಾಲು ಊತ ಇಲ್ಲ, ಮೂತ್ರದ ತೊಂದರೆ ಇಲ್ಲ, ಅಕ್ಕಿಯಲ್ಲಿ ಕಲ್ಲು ನನಗಿಂತ ಚೆನ್ನಾಗಿ ಆರಿಸ್ತಾರೆ. ಎಲ್ಲ ಸರಿ ಇರುವಾಗ ಮತ್ತೆ ಟೆಸ್ಟ್ ಯಾಕೆ? ಸುಮ್ನೆ ದುಡ್ಡು ಕೀಳೋದಾ?

ವೆಂಕಟೇಶ_ಮೇಷ್ಟ್ರು
ನನಗೆ ಶುಗರ್ ಬಂದು 20 ವರ್ಷ. ಈ ಎಸಿಆರ್ ಪಿಸಿಆರ್ ಎಲ್ಲ ಈಗ ಬಂದದ್ದು. ಶುಗರ್ ಇಳಿಸಿದರೆ ಕಣ್ಣು, ಕಿಡ್ನಿ ಎರಡೂ ತಾನಾಗೇ ಉಳಿಯುತ್ತವೆ. ಎಷ್ಟು ಬೇಗ ಇಳಿಸುತ್ತೀರೋ ಅಷ್ಟು ಒಳ್ಳೆಯದು. ಕಿಡ್ನಿ ಹಾಳಾಗೋದು ಶುಗರಿನಿಂದ ಅಲ್ಲ, ಮೆಟ್‌ಫಾರ್ಮಿನ್‌ನಿಂದ. ಮೊದಲು ಅದನ್ನ ನಿಲ್ಲಿಸಿ ನೋಡಿ.

ಸ್ಲೈಡು_ಸೂಜಿ
ಮೇಷ್ಟ್ರೇ, ಮಾತ್ರೆ ವಿಷಯ ಡಾಕ್ಟರುಗಳು ಹೇಳಲಿ. ನಾನು 16 ವರ್ಷದಿಂದ ಲ್ಯಾಬ್‌ನಲ್ಲಿ ಇದ್ದೇನೆ, ಯೂರಿನ್ ವಿಷಯ ನಾನು ಹೇಳುತ್ತೇನೆ.

ಅಲ್ಬುಮಿನ್ ಅಂದರೆ ರಕ್ತದಲ್ಲಿರುವ ಒಂದು ಪ್ರೋಟೀನ್. ಆ ‘ಅಲ್ಬುಮಿನ್ ನಿಲ್’ ಹೇಗೆ ಬರುತ್ತೆ ಗೊತ್ತಾ? ಒಂದು ಬಣ್ಣದ ಪಟ್ಟಿಯನ್ನ ಮೂತ್ರದಲ್ಲಿ ಅದ್ದಿ ತೆಗೆದು, ಡಬ್ಬದ ಮೇಲಿನ ಬಣ್ಣಕ್ಕೆ ಹೋಲಿಸಿ ನೋಡುತ್ತೇವೆ. ಹಳದಿ ಹಳದಿಯಾಗೇ ಉಳಿದರೆ ನಿಲ್ ಅಂತ ಬರೀತೀವಿ. ಲೀಟರಿಗೆ ಸುಮಾರು 150 ರಿಂದ 300 ಮಿಲಿಗ್ರಾಂ ಅಲ್ಬುಮಿನ್ ಇದ್ದರೆ ಮಾತ್ರ ಆ ಪಟ್ಟಿ ಹಸಿರಿಗೆ ತಿರುಗೋಕೆ ಶುರು ಮಾಡುತ್ತೆ. ಶುಗರಿನವರ ಕಿಡ್ನಿ ಸೋರೋಕೆ ಶುರುವಾದಾಗ ಬರೋದು ಅದಕ್ಕಿಂತ ತುಂಬಾ ಕಡಿಮೆ. ವರ್ಷಗಟ್ಟಲೆ ಸೋರುತ್ತಿದ್ದರೂ ಪಟ್ಟಿ ಹಳದಿಯೇ. ಹಾಗಾಗಿ ನಿಲ್ ಅಂದರೆ ‘ಈ ಪಟ್ಟಿಗೆ ಕಾಣಲಿಲ್ಲ’ ಅಂತ ಅಷ್ಟೇ.

ಎಸಿಆರ್‌ನಲ್ಲಿ ಮಷಿನ್ ಸಣ್ಣ ಪ್ರಮಾಣವನ್ನೂ ಅಳೆಯುತ್ತೆ, ಜೊತೆಗೆ ಅದೇ ಮೂತ್ರದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಅಂತಲೂ ನೋಡಿ ಭಾಗಿಸುತ್ತೆ. ಭಾಗಿಸೋದು ಯಾಕೆ ಅಂದರೆ ಜನ ಲ್ಯಾಬಿಗೆ ಬರುವ ಮೊದಲು ಎರಡು ಬಾಟಲ್ ನೀರು ಕುಡಿದಿರುತ್ತಾರೆ. ಹೋದ ವಾರ ಒಬ್ಬರ ಅಲ್ಬುಮಿನ್ ಲೀಟರಿಗೆ 18 ಮಿಲಿಗ್ರಾಂ ಬಂತು. ಬರೀ ಅದನ್ನೇ ನೋಡಿದರೆ ನಾರ್ಮಲ್. ಆದರೆ ಮೂತ್ರ ನೀರಿನಷ್ಟೇ ತೆಳ್ಳಗಿತ್ತು, ಕ್ರಿಯಾಟಿನಿನ್ ಲೀಟರಿಗೆ 0.25 ಗ್ರಾಂ ಮಾತ್ರ. 18 ನ್ನ 0.25 ರಿಂದ ಭಾಗಿಸಿ, 72 ಬರುತ್ತೆ. 30 ರ ಒಳಗಿರಬೇಕು. 30 ರಿಂದ 300 ರವರೆಗೆ ಇದ್ದರೆ ಸೋರಿಕೆ ಶುರುವಾಗಿದೆ ಅಂತ, 300 ದಾಟಿದರೆ ಜಾಸ್ತಿ ಆಗಿದೆ ಅಂತ.

ಇನ್ನೊಂದು. ನಿಮ್ಮ ಅಮ್ಮನ ರಕ್ತದ ಕ್ರಿಯಾಟಿನಿನ್ 1.2 ನಾರ್ಮಲ್ ಅಂತ ಬಿಡಬೇಡಿ. ಅದು ಮಾಂಸಖಂಡದಿಂದ ಬರೋದು. 25 ರ ಗಟ್ಟಿ ಹುಡುಗನಿಗೆ 1.2 ಬಂದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಲೆಕ್ಕ, ಸುಮಾರು 86. 58 ರ ಹೆಂಗಸಿಗೆ ಅದೇ 1.2 ಬಂದರೆ ಸುಮಾರು 52. ರಿಪೋರ್ಟಿನಲ್ಲಿ ಇಬ್ಬರ ರೇಂಜೂ ಒಂದೇ ಸಾಲಿನಲ್ಲಿ ಪ್ರಿಂಟ್ ಆಗಿರುತ್ತೆ.

ತೆಂಗಿನತೋಟ
52 ಅಂದ್ರೆ ಕಿಡ್ನಿ ಅರ್ಧ ಹೋಗಿದೆ ಅಂತಾನಾ? ಭಯ ಆಗ್ತಿದೆ ಸಾರ್.

ಸ್ಲೈಡು_ಸೂಜಿ
ಒಂದು ಸಲದ ನಂಬರಿನಿಂದ ಹಾಗೆ ಹೇಳೋಕಾಗಲ್ಲ. 60 ಕ್ಕಿಂತ ಕಡಿಮೆ ಮೂರು ತಿಂಗಳಾದ ಮೇಲೂ ಹಾಗೇ ಇದ್ದರೆ ಆಗ ಕಿಡ್ನಿ ಕಾಯಿಲೆ ಅಂತಾರೆ. ವಾಂತಿ ಭೇದಿ ಆಗಿದ್ದರೆ, ನೋವಿನ ಮಾತ್ರೆ ನುಂಗಿದ್ದರೆ ಅವತ್ತು ಕ್ರಿಯಾಟಿನಿನ್ ಏರಿರುತ್ತೆ.

ದಾವಣಗೆರೆ_ಬೆಣ್ಣೆ
ನಮ್ಮಪ್ಪನಿಗೂ ಶುಗರ್. ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ವಿ, ಎರಡೂ ಕಿಡ್ನಿ ನಾರ್ಮಲ್ ಸೈಜ್, ಎಡಗಡೆ ಮಾತ್ರ 4 ಮಿಮೀ ಕಲ್ಲು. ಬಾಳೆದಿಂಡಿನ ರಸ ಕುಡಿದರೆ ಹೋಗುತ್ತಾ? ನಿಮ್ಮ ಅಮ್ಮನಿಗೂ ಸ್ಕ್ಯಾನಿಂಗ್ ಮಾಡಿಸಿಬಿಡಿ, ಒಂದೇ ಸಲ ಗೊತ್ತಾಗುತ್ತೆ.

ತಾಲೂಕು_ಡಾಕ್ಟ್ರು
ಕಲ್ಲಿನ ವಿಷಯ ಬೇರೆ, ಬೆಣ್ಣೆಯವರೇ. ಸ್ಕ್ಯಾನಿಂಗ್‌ನಲ್ಲಿ ಕಾಣೋದು ಕಿಡ್ನಿಯ ಆಕಾರ. ಶುಗರಿನ ಹಾನಿ ಆಗೋದು ಒಳಗಿನ ಸಣ್ಣ ಸಣ್ಣ ಜರಡಿಗಳಲ್ಲಿ. ಅಲ್ಬುಮಿನ್ ಸೋರುತ್ತಿದ್ದರೂ ಸ್ಕ್ಯಾನ್ ಚೆನ್ನಾಗೇ ಬರುತ್ತೆ. ಶುಗರಿನವರಲ್ಲಿ ಕಿಡ್ನಿ ಮೊದಮೊದಲು ಸ್ವಲ್ಪ ದೊಡ್ಡದಾಗಿರೋದೂ ಉಂಟು. ನಿಮ್ಮ ತಂದೆಯವರಿಗೂ ಎಸಿಆರ್ ಬೇಕು.

ಮೇಷ್ಟ್ರಿಗೆ: ಮೆಟ್‌ಫಾರ್ಮಿನ್ ಕಿಡ್ನಿ ಹಾಳು ಮಾಡಲ್ಲ. ನೀವು ಕೇಳಿರೋದು ಪೂರ್ತಿ ಸುಳ್ಳೂ ಅಲ್ಲ. ಕಿಡ್ನಿ ಮೊದಲೇ ಸೋತಿದ್ದರೆ ಮಾತ್ರೆ ಮೈಯಲ್ಲಿ ಉಳಿದುಬಿಡುತ್ತೆ. ಅದಕ್ಕೆ ಇಜಿಎಫ್‌ಆರ್ 45 ರ ಕೆಳಗೆ ಹೋದರೆ ಡೋಸ್ ಇಳಿಸುತ್ತೇವೆ, 30 ರ ಕೆಳಗೆ ಹೋದರೆ ನಿಲ್ಲಿಸುತ್ತೇವೆ. ಜನ ನೋಡೋದು ‘ಡಾಕ್ಟರು ಮೆಟ್‌ಫಾರ್ಮಿನ್ ನಿಲ್ಲಿಸಿದರು, ಆಮೇಲೆ ಡಯಾಲಿಸಿಸ್ ಆಯ್ತು’ ಅಂತ. ಅದರಿಂದ ತಪ್ಪು ಮಾತ್ರೆಯ ಮೇಲೆ ಬೀಳುತ್ತೆ. ನಿಜವಾಗಿ ಕಿಡ್ನಿಗೆ ಹೊಡೆತ ಕೊಡೋದು ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ದಿನಾ ನುಂಗುವ ಡೈಕ್ಲೋಫೆನಾಕ್ ಥರದ್ದು. ತೆಂಗಿನತೋಟದವರೇ, ಅಮ್ಮ ಅಂಥದ್ದು ತಗೊಳ್ತಾರಾ ಕೇಳಿ.

ಕಿಡ್ನಿಗೆ ಏನಾಗುತ್ತೆ ಅಂದರೆ, ಮೂತ್ರಕ್ಕೆ ಹೋಗಬೇಕಾದ ಸಕ್ಕರೆಯನ್ನ ಕಿಡ್ನಿ ವಾಪಸ್ ಎಳೆದುಕೊಳ್ಳುತ್ತೆ, ಅದರ ಜೊತೆ ಉಪ್ಪೂ ವಾಪಸ್ ಬರುತ್ತೆ. ಮುಂದೆ ಉಪ್ಪನ್ನು ಗಮನಿಸುವ ಒಂದು ಜಾಗ ಇದೆ. ಅಲ್ಲಿಗೆ ಉಪ್ಪು ಕಡಿಮೆ ಬಂದದ್ದನ್ನ ನೋಡಿ, ‘ಸಾಕಷ್ಟು ಸೋಸುತ್ತಿಲ್ಲ’ ಅಂತ ತಪ್ಪು ತಿಳಿದು ಒಳಗೆ ಬರುವ ರಕ್ತನಾಳದ ವಾಲ್ವನ್ನ ದೊಡ್ಡದಾಗಿ ತೆರೆದುಬಿಡುತ್ತೆ. ಜರಡಿಯ ಮೇಲೆ ಪ್ರೆಷರ್ ಏರುತ್ತೆ. ಇದು ವರ್ಷಗಟ್ಟಲೆ ನಡೆದಾಗ ಜರಡಿಯ ಕಣ್ಣು ಸಡಿಲಾಗಿ ಅಲ್ಬುಮಿನ್ ಇಳಿಯುತ್ತೆ. ತಮಾಷೆ ಅಂದರೆ, ಮೊದಲ ವರ್ಷಗಳಲ್ಲಿ ಕಿಡ್ನಿ ಜಾಸ್ತಿ ಸೋಸುತ್ತಿರುತ್ತೆ, ರಿಪೋರ್ಟ್ ಬೇರೆಯವರಿಗಿಂತ ಚೆನ್ನಾಗಿ ಬರುತ್ತೆ. ಅದಕ್ಕೇ ಬರೀ ಕ್ರಿಯಾಟಿನಿನ್ ನೋಡಿ ನೆಮ್ಮದಿಯಾಗಿ ಕೂರಬಾರದು. ಎಸಿಆರ್ ಮತ್ತು ಇಜಿಎಫ್‌ಆರ್ ಎರಡೂ ವರ್ಷಕ್ಕೊಮ್ಮೆಯಾದರೂ ಬೇಕು.

ಡ್ರಾಪ್ಸ್_ಅಕ್ಕ
ಈಗ ಕಣ್ಣಿನ ಸರದಿ. ನಾನು ಕಣ್ಣಿನ ಆಸ್ಪತ್ರೆಯಲ್ಲಿ ಆಪ್ಟೋಮೆಟ್ರಿಸ್ಟ್. ಅಂಗಡಿಯಲ್ಲಿ ಬೋರ್ಡ್ ಮೇಲಿನ ಅಕ್ಷರ ಓದಿಸಿದಾಗ ಗೊತ್ತಾಗೋದು ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಪರದೆಯ ನಡುವಿನ ಚಿಕ್ಕ ಜಾಗ ಕೆಲಸ ಮಾಡುತ್ತಿದೆಯಾ ಅಂತ. ಹಾನಿ ಸಾಮಾನ್ಯವಾಗಿ ಅದರ ಸುತ್ತ ಶುರುವಾಗುತ್ತೆ. ಪರದೆ ತುಂಬ ರಕ್ತದ ಚುಕ್ಕೆ ಇಟ್ಟುಕೊಂಡು ಕೊನೆಯ ಸಾಲಿನವರೆಗೂ ಫಟಾಫಟ್ ಓದಿದವರನ್ನ ನಾನೇ ನೋಡಿದ್ದೇನೆ. ಆ ಪರದೆಯ ಫೋಟೋ ತೆಗೆದು ತೋರಿಸಿದಾಗ ‘ಇದು ನನ್ನದಲ್ಲ, ಅದಲು ಬದಲು ಆಗಿದೆ’ ಅಂತ ಜಗಳಕ್ಕೆ ಬಂದರು.

ನಿಮ್ಮ ತೋಟದ ಡ್ರಿಪ್ ಪೈಪು ನೆನೆಸಿಕೊಳ್ಳಿ. ಮೊದಲು ಪೈಪಿನ ಗೋಡೆ ಅಲ್ಲಲ್ಲಿ ದುರ್ಬಲ ಆಗಿ ಗುಳ್ಳೆ ಬರುತ್ತೆ, ಸೋರುತ್ತೆ. ಸೋರಿದ್ದು ಪರದೆಯ ನಡುಭಾಗದಲ್ಲಿ ನಿಂತರೆ ಊತ, ಆಗ ದೃಷ್ಟಿ ಮಂಜು. ಇನ್ನು ಕೆಲವು ಪೈಪು ಕಟ್ಟಿಕೊಳ್ಳುತ್ತವೆ. ರಕ್ತ ಬಾರದ ಜಾಗ ಒಣಗುವಾಗ ‘ನನಗೆ ರಕ್ತ ಬೇಕು’ ಅಂತ ಒಂದು ರಾಸಾಯನಿಕ ಬಿಡುತ್ತೆ, ಆಗ ಹೊಸ ನಾಳಗಳು ಹುಟ್ಟುತ್ತವೆ. ಹೊಸದು ಬಂತಲ್ಲ ಅಂತ ಖುಷಿಪಡೋ ಹಾಗಿಲ್ಲ. ಅವು ತುಂಬಾ ದುರ್ಬಲ, ಆಸರೆ ಇಲ್ಲದ ಬಳ್ಳಿ ಥರ ಕಣ್ಣಿನ ಒಳಗಿನ ಲೋಳೆಯೊಳಗೆ ಹಬ್ಬುತ್ತವೆ, ಯಾವತ್ತೋ ಒಡೆಯುತ್ತವೆ. ಇಷ್ಟು ಹೊತ್ತೂ ನೋವಿಲ್ಲ, ಕೆಂಪಿಲ್ಲ.

ಡ್ರಾಪ್ಸ್ ಹಾಕೋದು ಯಾಕೆ ಅಂದರೆ, ಪಾಪೆ ಚಿಕ್ಕದಿದ್ದಾಗ ಒಳಗೆ ನೋಡೋದು ಬೀಗದ ಕಿಂಡಿಯಲ್ಲಿ ಮನೆ ನೋಡಿದ ಹಾಗೆ. ಹಾಕಿ ಅರ್ಧ ಗಂಟೆ ಕೂರಿಸುತ್ತೇವೆ. ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತೆ. ಅಮ್ಮನ ಜೊತೆ ಯಾರಾದರೂ ಹೋಗಿ. ಅವತ್ತು ಬ್ಯಾಂಕು, ಸಂತೆ ಅಂತ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಅಡಿಕೆ_ಒಲೆ
ನಾನು ಇದರಲ್ಲಿ ಸುಟ್ಟುಕೊಂಡವನು, ಓದಿ. ಸಾಗರದ ಕಡೆಯವನು, 51 ವರ್ಷ, ಶುಗರ್ 14 ವರ್ಷ. ಕಣ್ಣು ಒಂದು ದಿನವೂ ತೋರಿಸಿರಲಿಲ್ಲ, ಕಾಣುತ್ತಿತ್ತಲ್ಲ, ಯಾಕೆ ತೋರಿಸಲಿ? ಹೋದ ವರ್ಷ ಅಡಿಕೆ ಬೇಯಿಸುವ ಹೊತ್ತಿನಲ್ಲಿ ಬಗ್ಗಿ ಚೀಲ ಎತ್ತಿದೆ, ಎದ್ದು ನಿಂತರೆ ಬಲಗಣ್ಣಿನಲ್ಲಿ ಮಸಿ ಇಳಿದ ಹಾಗೆ. ಒಲೆ ಹೊಗೆ ಅಂದುಕೊಂಡು ಕಣ್ಣು ತೊಳೆದೆ, ಮತ್ತೆ ತೊಳೆದೆ. ಕಪ್ಪು ದಾರಗಳು ನೀರಿನಲ್ಲಿ ತೇಲಿದ ಹಾಗೆ ತೇಲಾಡುತ್ತಿದ್ದವು. ಸಂಜೆ ಹೊತ್ತಿಗೆ ಆ ಕಣ್ಣಿಗೆ ಬೆಳಕು ಬಿಟ್ಟರೆ ಏನೂ ಇಲ್ಲ.

ಒಳಗೆ ರಕ್ತ ಸೋರಿದೆ ಅಂದರು. ಎರಡು ತಿಂಗಳು ಕಾದರೂ ಕರಗಲಿಲ್ಲ, ಆಪರೇಷನ್ ಆಯ್ತು. ಎಡಗಣ್ಣಿಗೂ ಹೊಸ ನಾಳ ಬಂದಿತ್ತು, ಮೂರು ಸಲ ಕೂರಿಸಿ ಲೇಸರ್ ಹೊಡೆದರು. ನಾನು ಲೇಸರ್ ಅಂದರೆ ದೃಷ್ಟಿ ಚೆನ್ನಾಗಾಗುತ್ತೆ ಅಂದುಕೊಂಡಿದ್ದೆ. ಡಾಕ್ಟರು ನೇರವಾಗಿ ಹೇಳಿದರು, ಇದು ಹೋಗಿದ್ದನ್ನ ತರಲ್ಲ, ಇರೋದನ್ನ ಉಳಿಸೋಕೆ ಅಂತ. ಈಗ ರಾತ್ರಿ ಗಾಡಿ ಓಡಿಸಲ್ಲ, ಕತ್ತಲಲ್ಲಿ ಅಂಗಳದ ಅಂಚು ಕಾಣಲ್ಲ. ಅದೂ ಲೇಸರಿನಿಂದಲೇ ಅಂತೆ.

ಡ್ರಾಪ್ಸ್_ಅಕ್ಕ
ಹೌದು ಅಣ್ಣ, ಅಂಚಿನ ಪರದೆಯನ್ನ ಸುಟ್ಟು ನಡುವಿನದನ್ನ ಉಳಿಸಿರುತ್ತಾರೆ. ಸುಟ್ಟ ಜಾಗದ ರಕ್ತದ ಬೇಡಿಕೆ ನಿಲ್ಲುತ್ತೆ, ಹೊಸ ನಾಳ ಒಣಗುತ್ತವೆ. ಆ ಹಂತಕ್ಕೆ ಮುಂಚೆ ಸಿಕ್ಕಿದ್ದರೆ ಬರೀ ಕಾಯುತ್ತಾ ನೋಡಿಕೊಂಡಿರಬಹುದಿತ್ತು.

ಸುಮಾ_ಮಂಡ್ಯ
ನನ್ನ ಮಗಳಿಗೆ 12. ಟೈಪ್ 1, ಇನ್ಸುಲಿನ್ ಶುರುವಾಗಿ 3 ವರ್ಷ. ಅವಳಿಗೂ ಈಗಲೇ ಮಾಡಿಸಬೇಕಾ? ಒಬ್ಬರು 5 ವರ್ಷ ಆಗಲಿ ಅಂದರು, ಇನ್ನೊಬ್ಬರು ಈಗಲೇ ಅಂದರು.

ತಾಲೂಕು_ಡಾಕ್ಟ್ರು
ಇಬ್ಬರೂ ತಪ್ಪು ಹೇಳಿಲ್ಲಮ್ಮ. ಟೈಪ್ 1 ದಿಢೀರ್ ಅಂತ ಬರುತ್ತೆ, ಶುರುವಾದ ದಿನ ನಮಗೆ ಗೊತ್ತಿರುತ್ತೆ. ಅದಕ್ಕೆ ಕೆಲವು ವರ್ಷ ಬಿಟ್ಟು ನೋಡಿದರೆ ನಡೆಯುತ್ತೆ. ಒಂದು ಪದ್ಧತಿಯಲ್ಲಿ 5 ವರ್ಷ, ಮಕ್ಕಳ ವಿಷಯದಲ್ಲಿ ಇನ್ನೊಂದರಲ್ಲಿ 11 ವಯಸ್ಸಾಗಿ 2 ರಿಂದ 5 ವರ್ಷ ಆಗಿದ್ದರೆ ಶುರು ಮಾಡಿ ಅಂತ ಇದೆ. ಹರೆಯಕ್ಕೆ ಬರುವ ಹೊತ್ತಿನಲ್ಲಿ ಶುಗರ್ ಏರುಪೇರು ಜಾಸ್ತಿ, ನಾನಾದರೆ ಈ ವರ್ಷವೇ ಕಳಿಸುತ್ತಿದ್ದೆ. ಟೈಪ್ 2 ಹಾಗಲ್ಲ. ಗೊತ್ತಾಗುವ ಮೊದಲೇ ಎಷ್ಟೋ ವರ್ಷ ಮೈಯಲ್ಲಿ ಇದ್ದಿರುತ್ತೆ. ಅದಕ್ಕೇ ಗೊತ್ತಾದ ತಿಂಗಳಲ್ಲೇ ಕಣ್ಣು, ಕಿಡ್ನಿ ಎರಡೂ ನೋಡಬೇಕು. ಶುಗರ್ ಇರುವ ಹೆಣ್ಣುಮಕ್ಕಳು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ಕಣ್ಣು ತೋರಿಸಬೇಕು, ಆಗ ಹಾನಿ ಬೇಗ ಮುಂದುವರಿಯಬಹುದು.

ಲೀಡ್ಸ್_ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ 12 ದಾಟಿದ ಶುಗರಿನವರಿಗೆಲ್ಲ ಕಣ್ಣಿನ ಫೋಟೋಕ್ಕೆ ಮನೆಗೇ ಕಾಗದ ಬರುತ್ತೆ. ಸತತ ಎರಡು ಸಲ ಏನೂ ಇಲ್ಲ ಅಂತ ಬಂದವರಿಗೆ ಈಗ ಎರಡು ವರ್ಷಕ್ಕೊಮ್ಮೆ ಮಾಡಿದ್ದಾರೆ. ನನಗೂ ಹಾಗೇ. ಪ್ರತಿ ವರ್ಷ ಅಂತ ಹೆದರಿಸುವ ಅಗತ್ಯ ಇಲ್ಲ ಅನ್ನಿಸುತ್ತೆ.

ಡ್ರಾಪ್ಸ್_ಅಕ್ಕ
ನಿಮಗೆ ಕಾಗದ ಬರುತ್ತೆ ಸಾರ್, ನಮ್ಮವರಿಗೆ ಯಾರು ಕಳಿಸುತ್ತಾರೆ? ಇಲ್ಲಿ ಎರಡು ವರ್ಷ ಅಂದರೆ ಐದು ವರ್ಷ ಬಿಟ್ಟು ಬರುತ್ತಾರೆ, ಅದೂ ಮಸಿ ಇಳಿದ ಮೇಲೆ. ನಾನು ವರ್ಷಕ್ಕೊಮ್ಮೆ ಅಂತಲೇ ಹೇಳೋದು.

ತಾಲೂಕು_ಡಾಕ್ಟ್ರು
ಶುಗರ್ ಹತೋಟಿಯಲ್ಲಿದ್ದು ಹಿಂದಿನ ಪರೀಕ್ಷೆ ಶುದ್ಧವಾಗಿದ್ದರೆ ಎರಡು ವರ್ಷ ತಪ್ಪಲ್ಲ ಅಕ್ಕ, ಪುಸ್ತಕದಲ್ಲೂ ಹಾಗೇ ಇದೆ. ಆದರೆ 8.4 ಇರುವ ಈ ತಾಯಿಗೆ ಅದು ಅನ್ವಯಿಸಲ್ಲ.

ಡ್ರಾಪ್ಸ್_ಅಕ್ಕ
ಪುಸ್ತಕ ನನ್ನ ಓಪಿಡಿಗೆ ಬಂದು ಕೂತರೆ ಒಪ್ಪುತ್ತೇನೆ 🙂

ತೆಂಗಿನತೋಟ
ಎರಡೂ ಮಾಡಿಸಿದ್ವಿ. ಅಮ್ಮ ದಾರಿಯುದ್ದಕ್ಕೂ ಬೈದರು.

ಎಸಿಆರ್: ಅಲ್ಬುಮಿನ್ ಲೀಟರಿಗೆ 64, ಕ್ರಿಯಾಟಿನಿನ್ 0.8 ಗ್ರಾಂ, ಅಂದರೆ 80. ಕಣ್ಣು: ಎಡಗಡೆ ಸ್ವಲ್ಪ ಹಾನಿ, ಬಲಗಡೆ ಮಧ್ಯಮ ಹಂತ. ನಡುಭಾಗದಲ್ಲಿ ಊತ ಇಲ್ಲ, ಹೊಸ ನಾಳ ಇಲ್ಲ. ಈಗ ಏನೂ ಚಿಕಿತ್ಸೆ ಬೇಡ, 6 ತಿಂಗಳಿಗೆ ಬನ್ನಿ ಅಂದರು. ನೋವಿನ ಮಾತ್ರೆ ಕೇಳಿದೆ. ದೇವರ ಗೂಡಿನ ಹಿಂದಿನಿಂದ ಒಂದು ಪಟ್ಟಿ ತೆಗೆದರು, ಡೈಕ್ಲೋಫೆನಾಕ್ ಇರೋದು. ದಿನಕ್ಕೊಂದು, ಎರಡು ವರ್ಷದಿಂದ. ನನಗೆ ಗೊತ್ತೇ ಇರಲಿಲ್ಲ.

ಸ್ಲೈಡು_ಸೂಜಿ
ಅದೇ ಯೂರಿನ್‌ನ ರೊಟೀನ್ ರಿಪೋರ್ಟಿನಲ್ಲಿ ಪಸ್ ಸೆಲ್ಸ್ ಎಷ್ಟು ಅಂತ ಇದೆ?

ತೆಂಗಿನತೋಟ
20 ರಿಂದ 25. ಮೂತ್ರ ಮಾಡುವಾಗ ಉರಿ ಇದೆ ಅಂತ ಅಮ್ಮ ಆಮೇಲೆ ಒಪ್ಪಿಕೊಂಡರು.

ಸ್ಲೈಡು_ಸೂಜಿ
ಹಾಗಾದರೆ ಆ 80 ನ್ನ ಲೆಕ್ಕಕ್ಕೆ ಹಿಡಿಯಬೇಡಿ. ಮೂತ್ರದ ಸೋಂಕು, ಜ್ವರ, ಹಿಂದಿನ ದಿನ ಜಾಸ್ತಿ ಮೈಮುರಿಯುವ ಕೆಲಸ, ಇವೆಲ್ಲ ನಂಬರನ್ನ ಏರಿಸುತ್ತವೆ. ಸೋಂಕು ವಾಸಿಯಾದ ಮೇಲೆ ಬೆಳಿಗ್ಗೆ ಎದ್ದ ತಕ್ಷಣದ ಮೊದಲ ಮೂತ್ರ ಕೊಡಿ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ಮಾಡಿಸಿ ಎರಡರಲ್ಲಿ 30 ದಾಟಿದರೆ ಮಾತ್ರ ನಿಜವಾದ ಸೋರಿಕೆ.

ವೆಂಕಟೇಶ_ಮೇಷ್ಟ್ರು
ನಾನು ಹೇಳಿದ್ದು ಅದೇ ತಾನೆ, ಟೆಸ್ಟ್ ನಂಬೋಕಾಗಲ್ಲ. ಇನ್ಸುಲಿನ್ ಹಾಕಿ 8.4 ನ್ನ ತಿಂಗಳಲ್ಲಿ 6 ಕ್ಕೆ ಇಳಿಸಿ, ಎರಡೂ ಸರಿಹೋಗುತ್ತೆ.

ತಾಲೂಕು_ಡಾಕ್ಟ್ರು
ಮೇಷ್ಟ್ರೇ, ಇಳಿಸಬೇಕು ಅನ್ನೋದು ನೂರಕ್ಕೆ ನೂರು ಸರಿ. 1993 ರಲ್ಲಿ ಟೈಪ್ 1 ನವರ ಮೇಲೆ, 1998 ರಲ್ಲಿ ಟೈಪ್ 2 ನವರ ಮೇಲೆ ಬಂದ ದೊಡ್ಡ ಅಧ್ಯಯನಗಳು ಅದನ್ನ ತೋರಿಸಿವೆ. ಎರಡನೆಯದರಲ್ಲಿ ಮೂರು ತಿಂಗಳ ಆವರೇಜ್ 7.9 ಇದ್ದವರಿಗಿಂತ 7 ಇದ್ದವರಲ್ಲಿ ಸಣ್ಣ ರಕ್ತನಾಳದ ತೊಂದರೆ ಕಾಲು ಭಾಗ ಕಡಿಮೆ. ಆದರೆ ಮೊದಲನೆಯದರಲ್ಲೇ ಇನ್ನೊಂದೂ ಕಂಡಿತ್ತು. ಬಹಳ ದಿನ ಏರಿದ್ದ ಶುಗರನ್ನ ಒಮ್ಮೆಲೇ ಇಳಿಸಿದಾಗ, ಮೊದಲೇ ಹಾನಿ ಇದ್ದ ಕಣ್ಣು ಕೆಲವರಲ್ಲಿ ಕೆಲವು ತಿಂಗಳು ಕೆಡುತ್ತೆ, ಸಾಮಾನ್ಯವಾಗಿ ಆಮೇಲೆ ಸುಧಾರಿಸುತ್ತೆ. ಹಾಗಾಗಿ ಇನ್ಸುಲಿನ್ ಇರಲಿ, ಈಗ ಬಂದಿರುವ ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಇರಲಿ, ಶುರು ಮಾಡುವ ಮೊದಲು ಪರದೆ ನೋಡಿಸಿ. ಈ ತಾಯಿಯ ಬಲಗಣ್ಣಿನ ಸ್ಥಿತಿ ನೋಡಿದರೆ ನಾನು ನಿಧಾನವಾಗಿ ಇಳಿಸುತ್ತೇನೆ.

ತೆಂಗಿನತೋಟ
ಮೂರು ತಿಂಗಳ ಮೇಲೆ ಬಂದಿದ್ದೇನೆ, ಕೇಳಿದವರಿಗೆ ಉತ್ತರ.

ಸೋಂಕು ವಾಸಿಯಾದ ಮೇಲೆ ಎರಡನೇ ಎಸಿಆರ್ 46. ಒಂದು ತಿಂಗಳು ಬಿಟ್ಟು ಮೂರನೆಯದು 51. ಅಂದರೆ ಸೋರಿಕೆ ನಿಜ. ನೋವಿನ ಮಾತ್ರೆ ನಿಲ್ಲಿಸಿದ ಮೇಲೆ ಕ್ರಿಯಾಟಿನಿನ್ 1.1 ಕ್ಕೆ ಇಳಿದಿದೆ. ಇಜಿಎಫ್‌ಆರ್ 58 ಅಂತ ಬಂದಿದೆ. ಬಿಪಿ 142/86 ಇತ್ತು, ಟೆಲ್ಮಿಸಾರ್ಟನ್ ಕೊಟ್ಟರು. ಎರಡು ವಾರಕ್ಕೆ ಮತ್ತೆ ರಕ್ತ ನೋಡಿದರೆ ಕ್ರಿಯಾಟಿನಿನ್ 1.25, ಪೊಟ್ಯಾಶಿಯಂ 5.2. ಮೇಷ್ಟ್ರು ಫೋನಿನಲ್ಲಿ ‘ನೋಡಿದ್ಯಾ, ಮಾತ್ರೆ ಕಿಡ್ನಿ ತಿಂತಿದೆ, ನಿಲ್ಲಿಸು’ ಅಂತಿದ್ದಾರೆ. ನಿಲ್ಲಿಸಲಾ?

ತಾಲೂಕು_ಡಾಕ್ಟ್ರು
ಬೇಡ. ಆ ಮಾತ್ರೆ ಜರಡಿಯಿಂದ ಹೊರಗೆ ಹೋಗುವ ವಾಲ್ವನ್ನ ಸಡಿಲಿಸಿ ಪ್ರೆಷರ್ ಇಳಿಸುತ್ತೆ. ಪ್ರೆಷರ್ ಇಳಿದಾಗ ಸೋಸೋದು ಸ್ವಲ್ಪ ಕಡಿಮೆಯಾಗಿ ಕ್ರಿಯಾಟಿನಿನ್ ಏರೋದು ಸಹಜ. ಶೇಕಡಾ 30 ರವರೆಗೆ ಒಪ್ಪುತ್ತೇವೆ. 1.1 ರಿಂದ 1.25 ಅಂದರೆ 14 ಕೂಡ ಆಗಲಿಲ್ಲ. ಪೊಟ್ಯಾಶಿಯಂ 5.2 ಮಾತ್ರ ಅಂಚಿನಲ್ಲಿದೆ, ಅದನ್ನ ನಿಮ್ಮ ಡಾಕ್ಟರಿಗೆ ಇವತ್ತೇ ತಿಳಿಸಿ. ಅಮ್ಮ ಎಳನೀರು ಕುಡಿಯುತ್ತಾರಾ?

ತೆಂಗಿನತೋಟ
ದಿನಾ ಎರಡು. ‘ಕಿಡ್ನಿಗೆ ತಂಪು’ ಅಂತ ಈ ಟೆಸ್ಟ್ ಆದ ಮೇಲೆ ಶುರು ಮಾಡಿದ್ದು.

ಸ್ಲೈಡು_ಸೂಜಿ
ಅಯ್ಯೋ ದೇವರೇ. ಎಳನೀರಿನಲ್ಲಿ ಪೊಟ್ಯಾಶಿಯಂ ಭರ್ತಿ ಇರುತ್ತೆ.

ತೆಂಗಿನತೋಟ
ಡಾಕ್ಟರಿಗೆ ಫೋನ್ ಮಾಡಿದೆ. ಎಳನೀರು ಬಂದ್, ಮಾತ್ರೆ ಮುಂದುವರಿಸಿ, ಹತ್ತು ದಿನಕ್ಕೆ ಮತ್ತೆ ಪೊಟ್ಯಾಶಿಯಂ ಅಂದರು. ಕಣ್ಣಿನ ಎರಡನೇ ಸರದಿಗೆ ಇನ್ನು ಮೂರು ತಿಂಗಳಿದೆ, ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಅಮ್ಮನಿಗೆ ಎಳನೀರಿನ ವಿಷಯ ಹೇಳಿದೆ. ‘ಮುನ್ನೂರು ಮರ ಇಟ್ಕೊಂಡು ಎಳನೀರು ಕುಡೀಬಾರ್ದಾ’ ಅಂತ ಕೇಳಿ ಒಳಗೆ ಹೋದರು, ಇನ್ನೂ ಮಾತಾಡಿಲ್ಲ.